ಮೊಳೆ ಕಿತ್ತವಳ ದನಿ

ಸಿಂಕಿನ ಪಕ್ಕದಲ್ಲಿ ಪರರ ತಟ್ಟೆಗಳು ಒಂದರ ಮೇಲೊಂದು ಕೂತಿದ್ದವು. ಗಾಜಿನವು, ಪಿಂಗಾಣಿಯವು, ಅಂಚು ಸುಟ್ಟು ಕಂದಾದವು. ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ಕೊಟ್ಟವರ ಹೆಸರು. ಅಗಾತಳ ಅಮ್ಮ ತೀರಿಕೊಂಡು ಚಳಿಗಾಲ ಕಳೆದು ಜೂನ್ ಬಂದಿದ್ದರೂ ಈ ಮನೆಗೆ ಯಾರಾದರೂ ಏನಾದರೂ ಬೇಯಿಸಿ ತರುವುದು ನಿಂತಿರಲಿಲ್ಲ. ಗೆಳತಿಯ ಜತೆ ಪರೀಕ್ಷೆಗೆ ಓದಲು ಬಂದಿದ್ದ ನೊಲ್ವೆನ್ ಪುಸ್ತಕ ತೆರೆದು ಕೂತವಳು ಪುಸ್ತಕ ಬಿಟ್ಟು ಆ ಹೆಸರುಗಳನ್ನೇ ಓದುತ್ತಿದ್ದಳು. ಮೇಲಿನಿಂದ ಮೂರನೆಯದು ತನ್ನ ಮನೆಯದು. ಅಮ್ಮ ಒಣದ್ರಾಕ್ಷಿ ಹಾಕಿ ಬೇಯಿಸಿದ ಫಾರ್ ಕೇಕು ಅದರಲ್ಲಿ ಬಂದಿತ್ತು, ಬೆಣ್ಣೆ ಸ್ವಲ್ಪವೂ ಕಡಿಮೆ ಮಾಡದೆ. ಅಪ್ಪ ಬಂದರಿನ ಆಚೆ ದಡದಲ್ಲಿ, ಹಗ್ಗದಂಗಡಿಯ ಹೆಂಗಸಿನ ಜತೆ ಸಂಸಾರ ಹೂಡಿದಾಗ ತಮ್ಮ ಮನೆಗೆ ಒಂದು ಬಟ್ಟಲು ಸೂಪು ಕೂಡ ಬಂದಿರಲಿಲ್ಲ. ಬಿಟ್ಟುಹೋದವರ ಮನೆಯವರಿಗೆ ಹಸಿವಾಗುವುದಿಲ್ಲ ಎಂದು ಊರು ತಿಳಿದುಕೊಂಡಂತಿತ್ತು. ಮಾರುಕಟ್ಟೆಯಲ್ಲಿ ಅಮ್ಮನನ್ನು ಕಂಡ ಕೂಡಲೇ ಜನ ಮೀನಿನ ಕಡೆ ತಿರುಗಿಕೊಂಡು ಬಹಳ ಹೊತ್ತು ಅದರ ಕಣ್ಣು ಪರೀಕ್ಷಿಸುತ್ತಿದ್ದರು. ಆ ಅಮ್ಮನೇ ಈ ಮನೆಗೆ ಫಾರ್ ಮಾಡಿ ಕಳಿಸಿದಳಲ್ಲ ಎಂದು ನೆನೆದಾಗ ನೊಲ್ವೆನ್‌ಗೆ ಈಗಲೂ ಹೊಟ್ಟೆ ಉರಿಯುತ್ತಿತ್ತು. ಸತ್ತವಳ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ನೀಚಳಾದೆನಲ್ಲ ಎಂದೂ ಅನಿಸುತ್ತಿತ್ತು. ಒಂದು ಉರಿ ಇನ್ನೊಂದನ್ನು ಆರಿಸುತ್ತಿರಲಿಲ್ಲ.

"ಎಲ್ಲಿದ್ದೀಯೇ? ‘ಮೊಳೆ’ ಪದ್ಯ ತೆಗಿ. ನಾಡಿದ್ದು ಅದೇ ಬರುತ್ತೆ, ನೋಡ್ತಿರು" ಎಂದಳು ಅಗಾತ್.

"ಪಟ್ಟಿಯಲ್ಲಿ ಅಷ್ಟು ಪಾಠ ಇದೆ. ನಿಂಗೆ ಅದೇ ಬರುತ್ತೆ ಅಂತ ಪರೀಕ್ಷಕರು ಕನಸಲ್ಲಿ ಬಂದು ಹೇಳಿದ್ರಾ?"

"ಬರ್ಬಾರ್ದು ಅಂತ ಯಾವ್ದನ್ನ ಅಂದ್ಕೊಂಡಿರ್ತೀವೋ ಅದೇ ಬರೋದು ಕಣೇ."

ಪರೀಕ್ಷೆ ಎಂದರೆ ಬಾಯಿಪರೀಕ್ಷೆ. ಬೇರೆ ಊರಿನ ಶಾಲೆ, ಗುರುತಿಲ್ಲದ ಪರೀಕ್ಷಕ. ವರ್ಷವಿಡೀ ಓದಿದ ಪಾಠಗಳ ಪಟ್ಟಿಯನ್ನು ಅವನ ಮುಂದಿಟ್ಟರೆ ಅವನು ಒಂದರ ಮೇಲೆ ಬೆರಳಿಡುತ್ತಾನೆ. ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಟಿಪ್ಪಣಿ ಮಾಡಿಕೊಂಡು ಎದುರಿಗೆ ಹೋಗಬೇಕು. ಮೊದಲು ಪದ್ಯವನ್ನು ಗಟ್ಟಿಯಾಗಿ ಓದಬೇಕು, ಓದುವ ದನಿಗೂ ಅಂಕವಿದೆ. ಆಮೇಲೆ, ಈ ಪದ್ಯವನ್ನು ನಾನು ಈ ದಾರಿಯಲ್ಲಿ ನೋಡುತ್ತೇನೆ ಎಂದು ಒಂದೇ ವಾಕ್ಯದಲ್ಲಿ ಸಾರಿ, ಸಾಲು ಸಾಲಾಗಿ ಅದನ್ನು ಸಾಧಿಸುತ್ತಾ ಹೋಗಬೇಕು. ಸಾರಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಅರ್ಧದಲ್ಲಿ ಮನಸ್ಸು ಬದಲಿಸಿದವರನ್ನು ಪರೀಕ್ಷಕರು ಹೇಗೆ ನೋಡುತ್ತಾರೆ ಎಂಬುದನ್ನು ಈ ಪಾಠ ಮಾಡುವ ಮದಾಮ್ ಕೆರ್ವೆಲ್ಲ ತರಗತಿಯಲ್ಲಿ ಕನ್ನಡಕ ಕೆಳಗಿಳಿಸಿ ನಟಿಸಿ ತೋರಿಸಿದ್ದರು. ‘ಮೊಳೆ’ಗೆ ಸಾರಬೇಕಾದ ವಾಕ್ಯವನ್ನೂ ಅವರೇ ಬರೆಸಿದ್ದರು: ದಿನದ ಸಣ್ಣ ಕೆಲಸಗಳ ಮೂಲಕ ಒಬ್ಬ ವಿಧವೆ ತನ್ನ ಶೋಕವನ್ನು ಹೇಳಿಕೊಳ್ಳುತ್ತಾಳೆ. ಅದನ್ನು ಬರೆಸುವಾಗ ಅವರು ಅಗಾತಳ ಕಡೆ ನೋಡದೆ ಇರಲು ಪಟ್ಟ ಕಷ್ಟ ಇಡೀ ತರಗತಿಗೆ ಕಂಡಿತ್ತು. ಗಂಟೆ ಹೊಡೆದ ಮೇಲೆ ಅವಳ ಭುಜದ ಮೇಲೆ ಕೈಯಿಟ್ಟು, ಬೇಕಿದ್ದರೆ ಈ ಪದ್ಯವನ್ನು ನಿನ್ನ ಪಟ್ಟಿಯಿಂದ ತೆಗೆದುಬಿಡುತ್ತೇನೆ ಮಗೂ ಎಂದಿದ್ದರು. ಅಗಾತ್ ಬೇಡ ಎಂದಿದ್ದಳು. ಪಕ್ಕದಲ್ಲಿ ನಿಂತಿದ್ದ ನೊಲ್ವೆನ್‌ಗೆ ಮದಾಮ್ ಹೇಳಿದ್ದು, ನಿನ್ನ ಅಕ್ಷರ ಸ್ವಲ್ಪ ದುಂಡಗಾಗಲಿ ಎಂದು.

ಅಗಾತ್ ಪುಟವನ್ನು ಮೇಜಿನ ನಡುವೆ ಹರಡಿ ಮೆಲ್ಲಗೆ ಓದಿದಳು.

ನಿನ್ನ ಕೋಟು ತೆಗೆದೆ.
ಅದು ತೂಗುತ್ತಿದ್ದ ಮೊಳೆಯನ್ನೂ ಕಿತ್ತೆ.
ತೂತಿಗೆ ಸುಣ್ಣ ಮೆತ್ತಿದೆ.
ಗೋಡೆಗೆ ನೀನು ಗೊತ್ತಿಲ್ಲ ಈಗ.

ನಿನ್ನ ಬೂಟು ನೆರೆಮನೆಯವನಿಗೆ ಕೊಟ್ಟೆ.
ಅವನು ಮೆಟ್ಟಿಲು ಹತ್ತುತ್ತಾನೆ, ನಿನ್ನ ಸದ್ದಾಗುತ್ತದೆ.
ಇನ್ನೊಮ್ಮೆ ಹತ್ತು ಎಂದು ನಾನು ಹೇಳಿಲ್ಲ.

ಬ್ರೆಡ್ಡು ಇಬ್ಬರಿಗಾಗುವಷ್ಟು ತರುತ್ತೇನೆ.
ಮಿಕ್ಕಿದ್ದು ಕಡಲಹಕ್ಕಿಗೆ.
ಅವು ಕಿತ್ತಾಡುತ್ತವೆ. ನೋಡುತ್ತೇನೆ.

ಬಾಗಿಲು ಹಾಕಿಲ್ಲ.
ಚಳಿ ಬರಲಿ.

ಓದಿ ಮುಗಿಸಿ ಅವಳು ಸುಮ್ಮನೆ ಕೂತಳು. ಆ ಮೌನವೇ ಉತ್ತರ ಎನ್ನುವ ಹಾಗೆ ಕೂತಳಲ್ಲ, ಅದು ನೊಲ್ವೆನ್‌ಗೆ ಸಹಿಸಲಾಗಲಿಲ್ಲ. ಇತ್ತೀಚೆಗೆ ಅಗಾತಳ ಪ್ರತಿ ಮೌನಕ್ಕೂ ಊರು ದಾರಿ ಬಿಡುತ್ತಿತ್ತು. ಬಸ್ಸಿನಲ್ಲಿ ಸೀಟು, ಗಣಿತದ ಮೇಷ್ಟರಿಂದ ಒಂದು ವಾರದ ವಿನಾಯಿತಿ. "ವಿಧವೆ ಅಂತ ಎಲ್ಲಿದೆ?" ಎಂದು ಕೇಳಿಯೇ ಬಿಟ್ಟಳು.

"ಎಲ್ಲಿದೆ ಅಂದ್ರೆ?"

"ಬೆರಳಿಟ್ಟು ತೋರಿಸು. ಸತ್ತ ಅಂತ ಎಲ್ಲಿದೆ? ಸಮಾಧಿ ಇದ್ಯಾ, ಹೂ ಇದ್ಯಾ, ಕಣ್ಣೀರಿದ್ಯಾ? ಮಾತಾಡ್ತಿರೋಳು ಹೆಂಗಸು ಅಂತ ಕೂಡ ಪದ್ಯ ಹೇಳಲ್ಲ."

"ಮದಾಮ್ ಹೇಳಿದ್ರಲ್ಲೇ."

"ಮದಾಮ್ ಹೇಳಿದ್ದು ಮದಾಮ್ ಬಾಯಲ್ಲಿದೆ, ಪದ್ಯದಲ್ಲಿಲ್ಲ. ಪುಟದಲ್ಲಿ ತೋರಿಸೋಕಾಗದ್ದು ಲೆಕ್ಕಕ್ಕಿಲ್ಲ ಅಂತ ಅವರೇ ತಾನೇ ಬಡ್ಕೊಳ್ಳೋದು?"

ಅಗಾತ್ ಪೆನ್ನಿನ ತುದಿ ಕಚ್ಚಿದಳು. ಅವಳು ಬುದ್ಧಿ ಇಲ್ಲದವಳಲ್ಲ, ನಿಧಾನದವಳು. ಎದುರಿನವರು ಗಟ್ಟಿಯಾಗಿ ಹೇಳಿದ್ದು ನಿಜವಿರಬಹುದೇ ಎಂದು ಒಳಗೆ ಕರೆದು ಕೂರಿಸಿ ವಿಚಾರಿಸುವ ಸ್ವಭಾವ. ನೊಲ್ವೆನ್‌ಗೆ ಅದು ಚಿಕ್ಕಂದಿನಿಂದ ಗೊತ್ತು. ಕಲ್ಲುಹರಳಿನ ಆಟದಲ್ಲಿ ಕೆಂಪು ಹರಳು ನನ್ನದು ಎಂದು ಬರೀ ಜೋರಾಗಿ ಹೇಳಿ ಎಷ್ಟೋ ಸಲ ಗೆದ್ದುಕೊಂಡಿದ್ದಳು.

"ಸರಿ, ಸಾವು ಅಂತ ಇಲ್ಲ" ಎಂದಳು ಅಗಾತ್. "ಆದ್ರೆ ಬ್ರೆಡ್ಡು ನೋಡೇ. ಇಬ್ಬರಿಗೆ ತರ್ತಾಳೆ. ಕೈಗೆ ಅಭ್ಯಾಸ ಹೋಗಿಲ್ಲ. ನಮ್ಮಪ್ಪ ಈಗ್ಲೂ ಬೇಕರೀಲಿ ಹಳೇ ಲೆಕ್ಕಾನೇ ಹೇಳೋದು, ಹೇಳಿ ಆಮೇಲೆ ಬೆಪ್ಪಾಗಿ ನಿಂತ್ಕೋತಾರೆ. ಇದು ದುಃಖ ಅಲ್ದೆ ಇನ್ನೇನು?"

"ಅಭ್ಯಾಸದಿಂದ ತಂದವಳು ಮಿಕ್ಕಿದ್ದನ್ನ ಡಬ್ಬದಲ್ಲಿ ಇಡ್ತಾಳೆ, ಒಣಗಿಸ್ತಾಳೆ, ಸೂಪಿಗೆ ಹಾಕ್ತಾಳೆ. ಇವಳೇನು ಮಾಡ್ತಾಳೆ? ಕಡಲಹಕ್ಕಿಗೆ ಹಾಕಿ ಅವು ಕಿತ್ತಾಡೋದನ್ನ ನಿಂತು ನೋಡ್ತಾಳೆ. ಅವನ ಪಾಲಿನ ಬ್ರೆಡ್ಡು ಕಣೇ ಅದು. ಬೇಕು ಅಂತಲೇ ತಂದು, ಬೇಕು ಅಂತಲೇ ಹಕ್ಕಿ ಬಾಯಿಗೆ ಹಾಕ್ತಾಳೆ. ಅದು ಕೋಪ."

"ಥೂ, ಎಂಥ ಮನಸ್ಸೇ ನಿಂದು."

"ನಂದಲ್ಲ, ಅವಳದ್ದು. ಮೊದಲ್ನೇ ಪದ್ಯಭಾಗ ನೋಡು. ಕೋಟು ತೆಗೆದ್ಲು, ಒಪ್ಪಿದೆ, ದುಃಖದಲ್ಲಿರೋರೂ ತೆಗೀತಾರೆ. ಮೊಳೆ ಯಾಕೆ ಕೀಳ್ಬೇಕಿತ್ತು? ತೂತಿಗೆ ಸುಣ್ಣ ಯಾಕೆ? ಒಂದೊಂದು ಸಾಲೂ ಹಿಂದಿನ ಸಾಲಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಅವನ ಗುರುತು ಅಳಿಸುತ್ತೆ. ಪ್ರತಿ ಸಾಲಿಗೂ ಪೂರ್ಣವಿರಾಮ. ಅಳೋರಿಗೆ ಹೀಗೆ ಉಸಿರು ನಿಲ್ಲುತ್ತಾ? ಅಳೋರ ವಾಕ್ಯ ಹರ್ಕೊಂಡು ಹೋಗುತ್ತೆ. ಇವಳದ್ದು ಹಲ್ಲು ಕಚ್ಕೊಂಡು ಹೇಳೋ ಮಾತು."

ಹೇಳುತ್ತಿದ್ದಂತೆ ನೊಲ್ವೆನ್‌ಗೆ ತನ್ನ ಮನೆಯ ನಡುಮನೆ ಕಂಡಿತು. ಅಪ್ಪನ ಕುರ್ಚಿಯನ್ನು ಅಮ್ಮ ಮಾರಲಿಲ್ಲ, ಸುಡಲಿಲ್ಲ. ಅದರ ಮೇಲೆ ಇಸ್ತ್ರಿಯಾಗದ ಬಟ್ಟೆಯ ರಾಶಿ ಹಾಕಿದಳು. ಅಂದಿನಿಂದ ಅದರಲ್ಲಿ ಯಾರೂ ಕೂತಿಲ್ಲ, ಬಟ್ಟೆಗೂ ಇಸ್ತ್ರಿಯಾಗಿಲ್ಲ. ಅಮ್ಮ ಒಂದು ದಿನವಾದರೂ ಕೂಗಾಡಿದ್ದರೆ ಆಗುತ್ತಿತ್ತು. ಭಾನುವಾರ ಅಪ್ಪ ಮಗಳನ್ನು ನೋಡಲು ಬಂದಾಗ ಅಮ್ಮ ಕಾಫಿ ಕೊಡುತ್ತಾಳೆ, ಸಕ್ಕರೆ ಎಷ್ಟು ಎಂದು ಕೇಳುತ್ತಾಳೆ, ಮರೆತವಳ ಹಾಗೆ. ಆ ಪ್ರಶ್ನೆಗೆ ಅಪ್ಪನ ಮುಖ ಸಪ್ಪೆಯಾಗುವುದನ್ನು ನೋಡಲಿಕ್ಕೆಂದೇ ನೊಲ್ವೆನ್ ಭಾನುವಾರ ಮನೆಯಲ್ಲಿರುತ್ತಾಳೆ. ಕಡಲಹಕ್ಕಿಗಳನ್ನು ನೋಡುವವಳು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ಮದಾಮ್ ಕೆರ್ವೆಲ್ಲ ಬೆರಳೆತ್ತಿ ಎಚ್ಚರಿಸಿದ್ದು ಇದನ್ನೇ: ಪದ್ಯದಲ್ಲಿ ಮಾತನಾಡುವವಳು ಕವಿಯಲ್ಲ, ನೀವಂತೂ ಅಲ್ಲವೇ ಅಲ್ಲ.

"‘ನೀನು’ ಎಲ್ಲಿ ತನಕ ಇದೆ ಹೇಳು" ಎಂದಳು, ಇನ್ನೂ ಬಿಸಿಯಾಗಿಯೇ. "ಬೂಟಿನ ತನಕ. ಆಮೇಲೆ ಇಲ್ಲ. ಬ್ರೆಡ್ಡಲ್ಲಿ ಇಲ್ಲ, ಬಾಗಿಲಲ್ಲಿ ಇಲ್ಲ. ಅವನ ಜತೆ ಮಾತು ಬಿಟ್ಟುಬಿಟ್ಲು. ಮಾತು ಬಿಡೋದು ಜಗಳ ಆಡಿದೋರು."

ಅಗಾತ್ ಬೆರಳನ್ನು ಸಾಲಿನಿಂದ ಸಾಲಿಗೆ ಜಾರಿಸಿ ನೋಡಿದಳು. ನಿಜವಾಗಿಯೂ ‘ನೀನು’ ಅಲ್ಲಿಂದಾಚೆಗೆ ಇರಲಿಲ್ಲ. ಅವಳು ಅದನ್ನು ಗಮನಿಸಿರಲಿಲ್ಲ. ಮದಾಮ್ ಕೂಡ ಗಮನಿಸಿರಲಿಲ್ಲ ಎಂದು ನೆನೆದು ನೊಲ್ವೆನ್‌ಗೆ ಒಳಗೊಳಗೇ ಖುಷಿಯಾಯಿತು.

"ಇಲ್ಲ, ಒಂದು ಸಾಲು ಬಿಟ್ಟೆ ನೀನು" ಎಂದಳು ಅಗಾತ್, ಬೆರಳನ್ನು ಮೇಲಕ್ಕೆ ತಂದು. "‘ಇನ್ನೊಮ್ಮೆ ಹತ್ತು ಎಂದು ನಾನು ಹೇಳಿಲ್ಲ.’ ಹೇಳದೇ ಇದ್ದದ್ದನ್ನ ಯಾಕೆ ಹೇಳ್ತಾಳೆ? ಸಿಟ್ಟಿರೋಳು ಬೂಟಿನ ಸದ್ದು ಕೇಳಿ ಕಿಟಕಿ ಹಾಕ್ಕೋತಾಳೆ. ಇವಳ ಬಾಯಿ ತುದಿಗೆ ಬಂದಿದೆ ಆ ಮಾತು, ಇನ್ನೊಮ್ಮೆ ಹತ್ತೋ ಅಂತ. ತಡ್ಕೊಂಡಿದ್ದಾಳೆ. ತಡ್ಕೊಂಡಿದ್ದನ್ನ ಅವನಿಗೆ ವರದಿ ಒಪ್ಪಿಸ್ತಿದ್ದಾಳೆ, ನೋಡು, ನಾನು ಸರಿಯಾಗಿದ್ದೀನಿ ಅಂತ." ಆಮೇಲೆ ದನಿ ತಗ್ಗಿಸಿದಳು. ಹಿತ್ತಲಲ್ಲಿ, ಅಕ್ಕ ಸತ್ತ ಮೇಲೆ ಈ ಮನೆಗೆ ಬಂದಿದ್ದ ಚಿಕ್ಕಮ್ಮ ಕಲ್ಲುಹಾಸಿನ ಮೇಲೆ ನಡೆಯುತ್ತಿದ್ದರು, ಟೊಕ್ ಟೊಕ್ ಎಂದು. "ಕೇಳಿಸ್ತಾ? ಅರ್ಮೆಲ್ ಚಿಕ್ಕಮ್ಮ. ಅಮ್ಮನ ಮರದ ಮೆಟ್ಟು ಹಾಕ್ಕೊಂಡಿದ್ದಾರೆ, ತೋಟಕ್ಕೆ ಹೋಗೋಕೆ. ಯಾರಿಗೂ ಹೇಳ್ಬೇಡ್ವೇ. ನಾನು ಸುಮ್ಸುಮ್ನೆ ಅವರನ್ನ ಕಳಿಸ್ತೀನಿ. ಪಾರ್ಸ್ಲಿ ಸೊಪ್ಪು ಬೇಕು ಅಂತೀನಿ, ತಂದ ಮೇಲೆ ಥೈಮ್ ಬೇಕಿತ್ತು ಅಂತೀನಿ. ಇಲ್ಲಿ ಕೂತು ಕಣ್ಮುಚ್ಕೊಂಡು ಕೇಳ್ತೀನಿ. ಬಾಗಿಲ ಹತ್ರ ಬಂದಾಗ ಕಣ್ಬಿಡ್ತೀನಿ, ಅಷ್ಟರೊಳಗೆ ಮುಖ ಸರಿ ಮಾಡ್ಕೊಂಡಿರ್ತೀನಿ."

ನೊಲ್ವೆನ್ ಕೇಳಿಸಿಕೊಂಡಳು. ಸದ್ದು ಬಂತು, ನಿಂತಿತು, ಹೋಯಿತು. ಆ ಕ್ಷಣದಲ್ಲಿ ಅಗಾತಳ ಕೈ ಹಿಡಿದುಕೊಳ್ಳಬಹುದಿತ್ತು. ಹಿಡಿದುಕೊಳ್ಳಬೇಕು ಎಂದು ಅನಿಸಿತು ಕೂಡ. ಆದರೆ ಸೋಲುತ್ತಿದ್ದೇನೆ ಎಂಬುದೂ ಅದೇ ಉಸಿರಿನಲ್ಲಿ ತಿಳಿಯಿತು. ದುಃಖದ ಪರವಾಗಿ ಸಾಕ್ಷಿ ಹೇಳಲು ಈ ಮನೆಯಲ್ಲಿ ಮೆಟ್ಟು ಕೂಡ ಎದ್ದು ನಡೆಯುತ್ತವೆ, ತಮ್ಮ ಮನೆಯಲ್ಲಿ ಇಸ್ತ್ರಿಯಾಗದ ಬಟ್ಟೆ ಬಿಟ್ಟರೆ ಇನ್ನೇನೂ ಇಲ್ಲ ಎಂದುಕೊಂಡಳು.

"ನಿಮ್ಮಮ್ಮನ ಮೇಲೆ ನಿಂಗೆ ಕೋಪಾನೇ ಇಲ್ವಾ?" ಎಂದಳು.

"ಏನು?"

"ಮೈಯಲ್ಲಿ ಗಂಟು ಇದೆ ಅಂತ ಅವರಿಗೆ ಗೊತ್ತಿತ್ತು. ಹಿಂದಿನ ಬೇಸಿಗೇಲೇ ಗೊತ್ತಿತ್ತು, ನೀನೇ ಹೇಳಿದ್ದೆ. ಡಾಕ್ಟ್ರ ಹತ್ರ ಹೋಗ್ಲಿಲ್ಲ, ನಿಮ್ಗೆ ಯಾರಿಗೂ ಹೇಳ್ಲಿಲ್ಲ. ಹೋಗಿದ್ರೆ ಇವತ್ತು ಆ ಮೆಟ್ಟಲ್ಲಿ ಅವರೇ ನಡೀತಿದ್ರು. ಬಿಟ್ಟುಹೋಗೋಕೆ ಸಾಯ್ಲೇಬೇಕು ಅಂತಿಲ್ಲ, ಸತ್ರೆ ಬಿಟ್ಟುಹೋದ ಹಾಗಲ್ಲ ಅಂತಲೂ ಇಲ್ಲ. ಆ ಸಾಲನ್ನ ಹಾಗೂ ಓದ್ಬೋದು ಕಣೇ. ‘ಇನ್ನೊಮ್ಮೆ ಹತ್ತು ಎಂದು ನಾನು ಹೇಳಿಲ್ಲ.’ ಹೇಳಲ್ಲ ಅಂತ. ಹಾಳಾಗಿ ಹೋಗು ಅಂತ. ಓದಿ ನೋಡು."

ಅಗಾತ್ ಪುಟವನ್ನು ಹತ್ತಿರ ಎಳೆದುಕೊಂಡಳು. ಅವಳು ಆ ಸಾಲನ್ನು ಬಾಯೊಳಗೇ ಓದಿಕೊಂಡಳು. ಇನ್ನೊಮ್ಮೆ ಓದಿಕೊಂಡಳು. ಎದುರಿನವರು ಗಟ್ಟಿಯಾಗಿ ಹೇಳಿದ್ದು ನಿಜವಿರಬಹುದೇ ಎಂದು ಒಳಗೆ ಕರೆದು ಕೂರಿಸಿದ್ದಳು, ಅದು ಕೂತುಬಿಟ್ಟಿತ್ತು.

"ಎರಡೂ ಇರ್ಬೋದಲ್ವಾ?" ಎಂದಳು ಕೊನೆಗೆ, ಬೇಡುವವಳ ಹಾಗೆ. "ದುಃಖಾನೂ, ಕೋಪಾನೂ?"

"ಎರಡೂ ಅಂದ್ರೆ ಅಂಕ ಹೋಗುತ್ತೆ. ಒಂದು ವಾಕ್ಯ ಸಾರಬೇಕು. ಪಕ್ಷ ಹಿಡೀಬೇಕು. ಮದಾಮ್ ಬರೆಸಿದ್ದನ್ನ ಎಲ್ಲರೂ ಗಿಳಿ ಹಾಗೆ ಒಪ್ಪಿಸ್ತಾರೆ. ಆ ಪರೀಕ್ಷಕ ಬೆಳಗಿಂದ ವಿಧವೆ, ವಿಧವೆ ಅಂತ ಕೇಳಿ ಕೇಳಿ ಸತ್ತಿರ್ತಾನೆ. ಕೋಪ ಅನ್ನು, ಎದ್ದು ಕೂರ್ತಾನೆ."

ಹೊರಡುವಾಗ ಅಗಾತ್ ಬಾಗಿಲ ತನಕ ಬರಲಿಲ್ಲ. ಅರ್ಮೆಲ್ ಚಿಕ್ಕಮ್ಮನೇ ಕೈ ಒರೆಸಿಕೊಳ್ಳುತ್ತಾ ಬಂದು, ನಿಮ್ಮಮ್ಮನ ತಟ್ಟೆ ಹಾಗೇ ಕೊಡೋಕಾಗಲ್ಲಮ್ಮ, ಖಾಲಿ ತಟ್ಟೆ ಕೊಡೋದು ನಮ್ಮಲ್ಲಿ ಇಲ್ಲ, ನಾಡಿದ್ದು ಅಗಾತ್ ಕೈಲಿ ಕಳಿಸ್ತೀನಿ ಎಂದರು. ಮೆಟ್ಟುಗಳು ಹೊಸಲಿನ ಮೇಲೆ ಸದ್ದು ಮಾಡಿದವು. ಬೀದಿಗೆ ಬಂದು ನೊಲ್ವೆನ್ ಗೆದ್ದೆ ಎಂದುಕೊಂಡಳು, ಸ್ವಲ್ಪ ದೂರ ಹಾಗೇ ನಡೆದಳು. ಮೀನು ಹರಾಜಿನ ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ನಿಂತು, ಬಂದ ದಾರಿಯ ಕಡೆ ತಿರುಗಿ ನೋಡಿದಳು. ಮರಳಿ ಹೋಗಿ, ಇಲ್ಲ ಕಣೇ, ನೀನು ಹೇಳಿದ್ದೇ ಸರಿ, ಆ ಸಾಲಿಗೆ ನನ್ನ ಬಳಿ ಉತ್ತರವಿಲ್ಲ ಎಂದು ಹೇಳಿಬಂದರೆ ಮುಗಿಯುತ್ತಿತ್ತು. ಅಷ್ಟು ದೂರವೂ ಇರಲಿಲ್ಲ. ಬೆಳಗ್ಗೆ ಹೇಳಿದರಾಯಿತು ಎಂದುಕೊಂಡಳು. ಬೆಳಗ್ಗೆ ಹೇಳಲಿಲ್ಲ.

ಪರೀಕ್ಷೆಯ ದಿನ ಗಾಳಿಯೇ ಇರಲಿಲ್ಲ. ಬೇರೆ ಶಾಲೆಯ ಉದ್ದ ಮೊಗಸಾಲೆ, ನೆಲ ಒರೆಸಿದ ಔಷಧಿಯ ವಾಸನೆ, ಗೋಡೆಯ ಉದ್ದಕ್ಕೂ ಗುರುತಿನ ಚೀಟಿ ಹಿಡಿದು ಕೂತ ಹುಡುಗರು. ಹೆಸರಿನ ಅಕ್ಷರದ ಕ್ರಮದಲ್ಲಿ ಅಗಾತ್ ಮೊದಲಿಗೆ ಒಳಗೆ ಹೋಗಿದ್ದಳು. ನೊಲ್ವೆನ್‌ಗೆ ಸರದಿ ಬರುವ ಮೊದಲು ನಡುವೆ ಒಬ್ಬ ಹುಡುಗನಿದ್ದ, ಅವನೂ ಆಗಲೇ ಒಳಗೆ ಹಿಂದಿನ ಬೆಂಚಿನಲ್ಲಿದ್ದ. ಬಾಗಿಲಿನ ಗಾಜಿಗೆ ಕಾಗದ ಅಂಟಿಸಿದ್ದರಿಂದ ಏನೂ ಕಾಣುತ್ತಿರಲಿಲ್ಲ, ದನಿಯೂ ಕೇಳುತ್ತಿರಲಿಲ್ಲ. ಕಾಣದಿದ್ದರೂ ನೊಲ್ವೆನ್‌ಗೆ ಅಗಾತಳ ಕೂದಲ ಜುಟ್ಟು, ಬೆನ್ನು, ಕುರ್ಚಿಯ ತುದಿಯಲ್ಲಿ ಕೂತ ರೀತಿ ಎಲ್ಲವೂ ಕಂಡವು. ದೇವರೇ, ಅದೊಂದು ಪದ್ಯ ಬರದಿರಲಿ ಎಂದು ಬೇಡಿಕೊಂಡಳು. ಚರ್ಚಿಗೆ ಹೋಗಿ ಯಾವ ಕಾಲವಾಗಿತ್ತೋ, ದೇವರು ಇವಳ ಮಾತು ಕೇಳುವ ಋಣದಲ್ಲೇನೂ ಇರಲಿಲ್ಲ.

ಅಗಾತ್ ಹೊರಬಂದಾಗ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಒರೆಸಿಟ್ಟ ಹಾಗೆ ಶುಭ್ರವಾಗಿತ್ತು. ನೊಲ್ವೆನ್‌ಳ ಪಕ್ಕ ಕೂತು ಬೂಟಿನ ದಾರ ಕಟ್ಟಿಕೊಂಡಳು. ಅದು ಬಿಚ್ಚಿರಲಿಲ್ಲ.

"ಅದೇ ಬಂತು ಕಣೇ" ಎಂದಳು.

"ಏನಂದೆ?"

"ನೀನು ಹೇಳಿದ್ದೇ. ಕೋಪ ಅಂತ ಸಾರಿದೆ. ಗುರುತು ಅಳಿಸೋದು, ಪೂರ್ಣವಿರಾಮ, ‘ನೀನು’ ಮಾಯ ಆಗೋದು, ಎಲ್ಲಾ ಸಾಲಾಗಿ ಹೇಳ್ದೆ. ಆದ್ರೆ ಅದಕ್ಕೂ ಮುಂಚೆ ಓದ್ಬೇಕಲ್ಲ, ಗಟ್ಟಿಯಾಗಿ. ಬೂಟಿನ ಸಾಲಿಗೆ ಬಂದಾಗ ದನಿ ಹೋಗೇ ಬಿಡ್ತು. ನಿಂತೆ. ಮತ್ತೆ ಓದಿದೆ. ಮತ್ತೆ ಹೋಯ್ತು. ಅವರು ಒಳ್ಳೆಯವರೇ, ನೀರು ಕೊಟ್ರು. ಆಮೇಲೆ ಕೇಳಿದ್ರು, ನೀವು ಕೋಪ ಅಂತ ಸಾರಿದ್ದೀರಿ, ನಾನು ಕೇಳಿದ ದನಿ ಬೇರೆ, ಇದರಲ್ಲಿ ಯಾವುದನ್ನ ನಂಬಲಿ ಅಂತ."

"ನೀನೇನಂದೆ?"

"ಗೊತ್ತಿಲ್ಲ ಅಂದೆ." ಅಗಾತ್ ನಕ್ಕಳು. "ಗೊತ್ತಿಲ್ಲ ಅನ್ನೋಕೆ ಅಂಕ ಇಲ್ವಲ್ಲ."

ಕ್ಷಮಿಸೇ ಎನ್ನಲು ನೊಲ್ವೆನ್ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ತೆರೆದು ಅವಳ ಹೆಸರು ಕರೆದರು.

ಪರೀಕ್ಷಕ ವಯಸ್ಸಾದವರು, ಅಂಗಿಯ ತೋಳು ಮಡಚಿದ್ದರು. ಸೆಖೆಗೆ ಹಣೆ ಹೊಳೆಯುತ್ತಿತ್ತು. ಅವಳ ಪಟ್ಟಿಯ ಮೇಲೆ ಪೆನ್ನು ಮೇಲಿನಿಂದ ಕೆಳಕ್ಕೆ ಬಂತು, ಅದೂ ಇದೂ ದಾಟಿತು, ‘ಮೊಳೆ’ಯ ಪಕ್ಕ ನಿಂತಿತು. "ಇದನ್ನೇ ನೋಡೋಣ. ಈಗಷ್ಟೇ ಒಬ್ಬರು ಇದನ್ನ ಬಹಳ ವಿಚಿತ್ರವಾಗಿ ಹೇಳಿದ್ರು, ನೀವು ಹೇಗೆ ನೋಡ್ತೀರೋ" ಎಂದು ಕಾಗದ ಕೊಟ್ಟರು. ಹಿಂದಿನ ಬೆಂಚು. ಬಿಳಿ ಹಾಳೆ. ಅವಳಿಗಿಂತ ಮುಂಚಿನ ಹುಡುಗ ಎದುರಿಗೆ ಕೂತು ಯಾವುದೋ ನಾಟಕದ ಬಗ್ಗೆ ತೊದಲುತ್ತಿದ್ದ. ನೊಲ್ವೆನ್ ಹಾಳೆಯ ಮೇಲೆ ಕೋಪ ಎಂದು ಬರೆದಳು. ಬರೆದು ನೋಡಿದಳು. ಅದು ತನ್ನ ಮಾತು, ತಾನೇ ಸಾಧಿಸಿದ್ದು, ಸಾಲು ಸಾಲೂ ಬಾಯಿಪಾಠ. ಈ ಮನುಷ್ಯ ಅದನ್ನು ಆಗಲೇ ಕೇಳಿ ವಿಚಿತ್ರ ಎಂದಿದ್ದಾನೆ. ಇನ್ನೊಮ್ಮೆ ಅದನ್ನೇ ಕೇಳಿದರೆ ಇಬ್ಬರೂ ಕೂಡಿ ಹೂಡಿದ ಆಟ ಎಂದುಕೊಳ್ಳುತ್ತಾನೆ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ನಿಜಕ್ಕೂ ಹೆದರಿಕೆ, ಅಷ್ಟೇ. ಅಂಕದ ಹೆದರಿಕೆ. ಕೋಪ ಎಂಬ ಮಾತಿನ ಮೇಲೆ ಗೀಟು ಎಳೆದಳು. ಅದರ ಕೆಳಗೆ ಮದಾಮ್ ಬರೆಸಿದ ವಾಕ್ಯವನ್ನು ದುಂಡಗೆ ಬರೆದಳು.

ಎದುರಿಗೆ ಕೂತು ಓದಲು ಶುರುಮಾಡಿದಾಗ ಅವಳಿಗೇ ಆಶ್ಚರ್ಯವಾಗುವಂತೆ ದನಿ ಬಂತು. ಎಲ್ಲಿಂದ ಬಂತೆಂದು ಮೂರನೆಯ ಸಾಲಿಗೇ ಗೊತ್ತಾಯಿತು. ಅದು ಅಗಾತ್ ಅಡುಗೆಮನೆಯಲ್ಲಿ ಓದಿದ ದನಿ. ಎಲ್ಲಿ ಉಸಿರು ತೆಗೆದಿದ್ದಳೋ ಅಲ್ಲೇ ಉಸಿರು, ಬೂಟಿನ ಸಾಲಿನ ಮುಂದೆ ಅದೇ ಸಣ್ಣ ತಡೆ. ಪರೀಕ್ಷಕ ಪೆನ್ನು ಕೆಳಗಿಟ್ಟರು. ಆಮೇಲೆ ಅವಳು ಸಾಲು ಸಾಲಾಗಿ ಬಿಡಿಸಿದಳು. ಕೋಟು, ಮೊಳೆ, ಸುಣ್ಣ: ಮರೆಯಲು ಕೈಗೆ ಕೊಟ್ಟ ಕೆಲಸಗಳು, ಒಂದು ಸಾಲದೆ ಇನ್ನೊಂದು. ಪೂರ್ಣವಿರಾಮ: ಮುಂದಿನ ಮಾತಿಗೆ ಗಂಟಲು ಕಟ್ಟುವುದು. ‘ನೀನು’ ಇಲ್ಲವಾಗುವುದು: ಕೂಗಿದರೂ ಓ ಎನ್ನುವವರಿಲ್ಲ ಎಂದು ಬೂಟಿನ ಸದ್ದಿನ ನಂತರವೇ ಅವಳಿಗೆ ಖಚಿತವಾಗುವುದು. ತಾನು ಕೋಪಕ್ಕೆಂದು ಆಯ್ದಿಟ್ಟ ಒಂದೊಂದು ಸಾಕ್ಷಿಯೂ ತಿರುಗಿ ನಿಂತು ಅಗಾತಳ ಪರವಾಗಿ ಮಾತನಾಡಿತು. ಎಷ್ಟು ಸಲೀಸಾಗಿ ತಿರುಗಿತೆಂದರೆ ಅವಳಿಗೆ ಅಸಹ್ಯವಾಯಿತು. ಬಾಗಿಲಿನ ಸಾಲಿಗೆ ಬಂದಳು, ಚಳಿಯ ಸಾಲಿಗೆ ಬಂದಳು. ಬರಬೇಕಾದವರು ಬರುವುದಿಲ್ಲ ಎಂದು ಗೊತ್ತಿದ್ದೂ ಬಾಗಿಲು ಹಾಕಲಾರದವಳು, ಬರುವುದು ಚಳಿಯಾದರೆ ಚಳಿಯೇ ಬರಲಿ ಎನ್ನುತ್ತಾಳೆ ಎಂದಳು.

"ಒಂದು ಪ್ರಶ್ನೆ" ಎಂದರು ಪರೀಕ್ಷಕ. "‘ಇನ್ನೊಮ್ಮೆ ಹತ್ತು ಎಂದು ನಾನು ಹೇಳಿಲ್ಲ.’ ಇದನ್ನ ಸಿಟ್ಟು ಅಂತ ಓದೋಕೆ ಆಗಲ್ವಾ? ಆಗಲೇ ಒಬ್ಬರ ಬಾಯಲ್ಲಿ ಹಾಗೇ ಕೇಳಿದೆ."

ಅವರು ಸುಮ್ಮನೆ ಕೇಳಿದ್ದರು. ಆಗುತ್ತದೆ, ನನಗೆ ಹಾಗೆಯೇ ಕೇಳುತ್ತದೆ ಎನ್ನಲು ಅದಕ್ಕಿಂತ ಒಳ್ಳೆಯ ಬಾಗಿಲು ಇನ್ನು ತೆರೆಯುವಂತಿರಲಿಲ್ಲ. ಮೊದಲು ಬಂದ ಹುಡುಗಿ ಹೇಳಿದ್ದರಲ್ಲೂ ಹುರುಳಿದೆ ಎಂಬ ಒಂದು ಮಾತು ಸಾಕಿತ್ತು.

"ಆಗಲ್ಲ ಸರ್" ಎಂದಳು ನೊಲ್ವೆನ್. "ಹೇಳದೇ ಇದ್ದದ್ದನ್ನ ಯಾಕೆ ಹೇಳ್ತಾಳೆ? ಬಾಯಿ ತುದಿಗೆ ಬಂದಿರೋದಕ್ಕೆ. ನಮ್ಮನೇಲಿ..." ಎಂದು ನಿಂತಳು. ನಿಂತದ್ದು ನಟನೆಯೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ. "ನಮ್ಮನೇಲಿ ಚಿಕ್ಕಮ್ಮ ಅಮ್ಮನ ಮರದ ಮೆಟ್ಟು ಹಾಕ್ಕೊಂಡು ತೋಟಕ್ಕೆ ಹೋಗ್ತಾರೆ. ಸುಮ್ಮನೆ ಪಾರ್ಸ್ಲಿ ಬೇಕು ಅಂತ ಕಳಿಸ್ತೀವಿ. ಆ ಸದ್ದಿಗೆ."

ಪರೀಕ್ಷಕ ಪಟ್ಟಿಯನ್ನು ಬದಿಗಿಟ್ಟರು. ಕಿಟಕಿಯ ಕಡೆ ನೋಡಿದರು. ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿ, "ಸಾವಕಾಶವಾಗಿ ಹೇಳಿ ಮಗೂ, ಅವಸರವಿಲ್ಲ" ಎಂದರು. ಮಗೂ ಎಂದರು. ಅಪ್ಪ ಮನೆ ಬಿಟ್ಟ ವರ್ಷದಿಂದ ಯಾರ ಬಾಯಲ್ಲಾದರೂ ಕೇಳಬೇಕೆಂದು ಅವಳು ಕಾದಿದ್ದ ಮಾತು ಅದು, ಆ ಮೆತ್ತನೆಯ ದನಿ. ಕಣ್ಣು ತುಂಬಿಕೊಂಡಿತು, ನಿಜವಾಗಿಯೇ. ಅಮ್ಮ ಈ ಹೊತ್ತಿಗೆ ಮೀನಿನ ಕಾರ್ಖಾನೆಯಲ್ಲಿ ರಬ್ಬರ್ ಬೂಟು ತೊಟ್ಟು ನಿಂತಿರುತ್ತಾಳೆ, ಜೀವಂತ, ಮಗಳ ಪರೀಕ್ಷೆ ಹೇಗಾಯಿತೋ ಎಂದು ಯೋಚಿಸುತ್ತಾ. ನೊಲ್ವೆನ್ ನೀರು ಕುಡಿದಳು.

ಹೊರಗೆ ಬಂದಾಗ ಅಗಾತ್ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಳು. ಕಾದಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ, ಅದರೊಳಗೆ ನೊಲ್ವೆನ್‌ಳ ಅಮ್ಮನ ಗಾಜಿನ ತಟ್ಟೆ.

"ಏನು ಬಂತೇ?"

"ಅದೇ."

"ಅಯ್ಯೋ! ಏನಂದೆ?"

"ಕೋಪ ಅಂದೆ" ಎಂದಳು ನೊಲ್ವೆನ್.

ಅಗಾತ್ ತಲೆಯಾಡಿಸಿದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಏನೋ ಇಳಿದು ಹೋದಂತಿತ್ತು. "ನೀನು ಓದಿದ್ರೆ ಕೋಪ ಅಂತಲೇ ಕೇಳಿಸಿರುತ್ತೆ. ನಂಗೆ ಬರ್ಲಿಲ್ಲ, ಅಷ್ಟೇ. ಓದು ಕೆಟ್ಟಿದ್ದು ನಂದು, ನಿನ್ನ ಮಾತಲ್ಲ. ಆದ್ರೆ ನಿಂಗೊಂದು ಹೇಳ್ಬೇಕು ಕಣೇ. ಆವತ್ತು ನೀನು ಕೇಳಿದೆಯಲ್ಲ, ಅಮ್ಮನ ಮೇಲೆ ಕೋಪ ಇಲ್ವಾ ಅಂತ. ಇದೆ. ಇಷ್ಟು ದಿನ ಗೊತ್ತೇ ಇರ್ಲಿಲ್ಲ. ರಾತ್ರಿಯೆಲ್ಲಾ ಕಣ್ಣಿಗೆ ನಿದ್ದೆ ಇಲ್ಲ. ಗೊತ್ತಿದ್ದೂ ನಮ್ಗೆ ಹೇಳ್ಲಿಲ್ವಲ್ಲ ಅವಳು. ಬೆಳಗ್ಗೆ ಎದ್ದವಳೇ ಚಿಕ್ಕಮ್ಮಂಗೆ ಹೇಳ್ಬಿಟ್ಟೆ, ಆ ಮೆಟ್ಟು ಇನ್ಮೇಲೆ ಹಾಕ್ಬೇಡಿ, ಆಚೆ ಬಿಸಾಕಿ ಅಂತ. ಪಾಪ, ಅವರು ಬರಿಗಾಲಲ್ಲೇ ಹೋಗಿ ಕಸದ ಗಾಡಿಗೆ ಹಾಕಿ ಬಂದ್ರು."

ಬಸ್ಸು ಬಂತು. ಅಗಾತ್ ಚೀಲವನ್ನು ನೊಲ್ವೆನ್‌ಳ ಮಡಿಲಿಗಿಟ್ಟು ಕಿಟಕಿಯ ಸೀಟು ಅವಳಿಗೇ ಬಿಟ್ಟಳು. ತಟ್ಟೆಯ ತುಂಬ ಫಾರ್ ಇತ್ತು, ಆ ಸೆಖೆಗೆ ಇನ್ನೂ ಬೆಚ್ಚಗಿತ್ತು. ಚಿಕ್ಕಮ್ಮ ಬೆಳಗ್ಗೆಯೇ ಬೇಯಿಸಿರಬೇಕು, ಮೆಟ್ಟು ಬಿಸಾಕಿ ಬಂದ ಮೇಲೆ.

"ತಿನ್ನೇ ಒಂದು ಚೂರು, ಬೆಳಗಿಂದ ಏನೂ ತಿಂದಿಲ್ಲ ನೀನು" ಎಂದಳು ಅಗಾತ್.

ನೊಲ್ವೆನ್ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು. ಅದನ್ನು ನುಂಗುವ ತನಕ ಅಗಾತ್ ಅವಳನ್ನೇ ನೋಡುತ್ತಿದ್ದಳು, ರುಚಿಯಾಗಿದೆಯೇ ಎಂದು ತಿಳಿಯಲು.